ಬಜೆಟ್ ಪುಸ್ತಕದಲ್ಲಿ ಕೊರತೆ, ಸಾಲದ ಲೆಕ್ಕ ತೆಗೆಯುವುದು ಹೇಗೆ?

ರಾಜ್ಯ ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆ ತೆರೆದರೆ ಒಂದು ಕಡೆ ‘ಕೊರತೆ 19 ಸಾವಿರ ಕೋಟಿ’, ಇನ್ನೊಂದು ಕಡೆ ‘ಕೊರತೆ 90 ಸಾವಿರ ಕೋಟಿ’, ಮತ್ತೊಂದು ಕಡೆ ‘ಸಾಲ 1.16 ಲಕ್ಷ ಕೋಟಿ’ ಎಂದಿರುತ್ತದೆ. ಯಾವುದು ಸರಿ? 2025-26ರ ಕರ್ನಾಟಕ ಬಜೆಟ್ ಮಟ್ಟಿಗೆ ಮೂರೂ ಸರಿ. ಒಂದೇ ಪುಟದ ಅಂಕಿಗಳಿಂದ ಈ ಮೂರನ್ನೂ ನೀವೇ ಕಳೆದು ಕೂಡಿ ತೆಗೆಯಬಹುದು. ಸೂತ್ರ ಬಾಯಿಪಾಠ ಮಾಡುವುದಕ್ಕಿಂತ ಒಮ್ಮೆ ಹೀಗೆ ಲೆಕ್ಕ ಹಾಕುವುದೇ ಮೇಲು.

ಮೊದಲು ಐದು ಸಂಖ್ಯೆ ಬರೆದುಕೊಳ್ಳಿ

ಬಜೆಟ್ ದಿನ ಬಿಡುಗಡೆಯಾಗುವ ಪುಸ್ತಕಗಳ ದೊಡ್ಡ ಕಟ್ಟನ್ನು ನೋಡಿ ಗಾಬರಿಯಾಗಬೇಡಿ. ಬಜೆಟ್ ಭಾಷಣದ ಕೊನೆಯ ಭಾಗದಲ್ಲೇ ಬೇಕಾದ ಅಂಕಿಗಳಿರುತ್ತವೆ. 2025ರ ಮಾರ್ಚ್ 7ರಂದು ಮಂಡನೆಯಾದ ಬಜೆಟ್‌ನಲ್ಲಿ ಅವು ಹೀಗಿದ್ದವು (ಎಲ್ಲವೂ ಕೋಟಿ ರೂಪಾಯಿಗಳಲ್ಲಿ):

ರಾಜಸ್ವ ಸ್ವೀಕೃತಿ 2,92,477
ಸಾಲ 1,16,000
ರಾಜಸ್ವ ವೆಚ್ಚ 3,11,739
ಬಂಡವಾಳ ವೆಚ್ಚ 71,336
ಹಳೆಯ ಸಾಲದ ಅಸಲು ಮರುಪಾವತಿ 26,474

ಇವಲ್ಲದೆ ‘ಋಣೇತರ ಬಂಡವಾಳ ಸ್ವೀಕೃತಿ’ ಎಂಬ ಪುಟ್ಟ ಮೊತ್ತವೊಂದಿದೆ: 170 ಕೋಟಿ. ಸರ್ಕಾರ ಹಿಂದೆ ಕೊಟ್ಟ ಸಾಲ ವಾಪಸ್ ಬಂದಾಗ ಸಿಗುವಂಥ ಹಣ ಇದು. ಸಾಲವೂ ಅಲ್ಲ, ತೆರಿಗೆಯೂ ಅಲ್ಲ.

ರಾಜಸ್ವ ಕೊರತೆ

ರಾಜಸ್ವ ಸ್ವೀಕೃತಿ ಎಂದರೆ ತಿರುಗಿ ಕೊಡಬೇಕಿಲ್ಲದ ಆದಾಯ. ರಾಜ್ಯದ ತೆರಿಗೆ, ಅಬಕಾರಿ, ನೋಂದಣಿ ಶುಲ್ಕ, ಕೇಂದ್ರದ ತೆರಿಗೆಯಲ್ಲಿ ನಮ್ಮ ಪಾಲು, ಅನುದಾನ ಎಲ್ಲ ಇದರಲ್ಲಿ ಸೇರುತ್ತವೆ. ರಾಜಸ್ವ ವೆಚ್ಚ ಎಂದರೆ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಗಳಂಥ ಪ್ರತಿವರ್ಷದ ಖರ್ಚು. ವೆಚ್ಚದಿಂದ ಸ್ವೀಕೃತಿ ಕಳೆಯಿರಿ:

3,11,739 − 2,92,477 = 19,262 ಕೋಟಿ

ದಿನನಿತ್ಯದ ಖರ್ಚಿಗೇ ಸಾಲದ ಹಣ ಇಷ್ಟು ಬೇಕಾಯಿತು ಎಂದು ಇದರರ್ಥ. ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಬಡ್ಡಿ ರಾಜಸ್ವ ವೆಚ್ಚಕ್ಕೆ ಸೇರುತ್ತದೆ, ಅಸಲು ಸೇರುವುದಿಲ್ಲ. ಪರೀಕ್ಷೆಯಲ್ಲಿ ಎರಡನ್ನೂ ಒಟ್ಟಿಗೆ ಹಾಕಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಇನ್ನೊಂದು ಮಾತು: ಪಂಚಾಯಿತಿಗೆ ಕಟ್ಟಡ ಕಟ್ಟಲು ಕೊಟ್ಟ ಅನುದಾನವೂ ಸಾಮಾನ್ಯವಾಗಿ ರಾಜಸ್ವ ವೆಚ್ಚದಲ್ಲೇ ಬರುತ್ತದೆ, ಏಕೆಂದರೆ ಆ ಆಸ್ತಿ ಪಂಚಾಯಿತಿಯದು, ರಾಜ್ಯ ಸರ್ಕಾರದ್ದಲ್ಲ. ಹಾಗಾಗಿ ರಾಜಸ್ವ ವೆಚ್ಚವೆಲ್ಲ ‘ತಿಂದು ಮುಗಿಸಿದ ಹಣ’ ಎಂದು ಬರೆಯುವುದು ಸರಿಯಲ್ಲ.

ವಿತ್ತೀಯ ಕೊರತೆ

ಈಗ ಬಂಡವಾಳ ವೆಚ್ಚವನ್ನೂ ಸೇರಿಸಿ. ರಸ್ತೆ, ನೀರಾವರಿ, ಕಟ್ಟಡಗಳ ಖರ್ಚು ಇಲ್ಲಿ ಬರುತ್ತದೆ. ಅಸಲು ಮರುಪಾವತಿಯನ್ನು ಮಾತ್ರ ಹೊರಗಿಡಿ. ಹಳೆಯ ಸಾಲ ತೀರಿಸಲು ಹೊಸ ಸಾಲ ಪಡೆದರೆ ಒಟ್ಟು ಸಾಲದ ಹೊರೆ ಹೆಚ್ಚುವುದಿಲ್ಲ, ಅದಕ್ಕೇ ಈ ವಿನಾಯಿತಿ.

ವೆಚ್ಚ: 3,11,739 + 71,336 = 3,83,075
ಸಾಲವಲ್ಲದ ಸ್ವೀಕೃತಿ: 2,92,477 + 170 = 2,92,647
ವಿತ್ತೀಯ ಕೊರತೆ: 90,428 ಕೋಟಿ

ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡಲು ಇನ್ನೊಂದು ದಾರಿ: ರಾಜಸ್ವ ಕೊರತೆ 19,262ಕ್ಕೆ ಬಂಡವಾಳ ವೆಚ್ಚ 71,336 ಕೂಡಿಸಿ, 170 ಕಳೆಯಿರಿ. ಮತ್ತೆ 90,428 ಬರುತ್ತದೆ. ಈ ಎರಡನೇ ದಾರಿ ನನಗೆ ಹೆಚ್ಚು ಇಷ್ಟ, ಏಕೆಂದರೆ ಕೊರತೆಯ ಒಳಗೇನಿದೆ ಎಂಬುದು ಇದರಲ್ಲಿ ಕಾಣುತ್ತದೆ. ಕೊರತೆಯ ನೂರು ರೂಪಾಯಿಯಲ್ಲಿ ಸುಮಾರು 21 ರೂಪಾಯಿ ದಿನನಿತ್ಯದ ಖರ್ಚಿಗೆ, ಉಳಿದದ್ದು ಆಸ್ತಿ ನಿರ್ಮಾಣಕ್ಕೆ. ಎರಡು ರಾಜ್ಯಗಳ ವಿತ್ತೀಯ ಕೊರತೆ ಒಂದೇ ಇದ್ದರೂ ಈ ಪಾಲು ಬೇರೆಯಾದರೆ ಅವುಗಳ ಸ್ಥಿತಿಯೂ ಬೇರೆ.

ಹಾಗಾದರೆ 1,16,000 ಕೋಟಿ ಸಾಲ ಎಲ್ಲಿಂದ ಬಂತು? ಅದರಿಂದ ಅಸಲು ಮರುಪಾವತಿ 26,474 ಕಳೆದರೆ ನಿವ್ವಳ ಸಾಲ 89,526. ವಿತ್ತೀಯ ಕೊರತೆಗೆ ಇನ್ನೂ 902 ಕೋಟಿ ಕಡಿಮೆ. ಒಟ್ಟು ವೆಚ್ಚ 4,09,549, ಒಟ್ಟು ಸ್ವೀಕೃತಿ 4,08,647; ಅವುಗಳ ವ್ಯತ್ಯಾಸವೂ ಇದೇ 902. ಮೇಲಿನ ಸ್ವೀಕೃತಿ-ವೆಚ್ಚಗಳೆಲ್ಲ ನಡೆಯುವ ಸರ್ಕಾರದ ಮುಖ್ಯ ಖಾತೆಯಾದ ಸಂಚಿತ ನಿಧಿಯ ಹೊರಗೆ, ಭವಿಷ್ಯನಿಧಿ, ಠೇವಣಿಗಳಂಥ ಹಣವಿರುವ ಸಾರ್ವಜನಿಕ ಲೆಕ್ಕ, ನಗದು ಶಿಲ್ಕುಗಳೂ ಇವೆ, ಈ ಅಂತರವನ್ನು ತುಂಬುವುದು ಅವುಗಳಿಂದ.

ಮಿತಿಯೊಳಗೆ ಇದೆಯೇ?

ಇಲ್ಲಿ ಎರಡು ಬೇಲಿಗಳಿವೆ. ಮೊದಲನೆಯದು ರಾಜ್ಯ ತಾನೇ ಹಾಕಿಕೊಂಡದ್ದು: ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ, 2002. ಇಂಥ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. ಅದರ ಮಾನದಂಡ ಮೂರು: ರಾಜಸ್ವ ಕೊರತೆ ಇರಬಾರದು, ವಿತ್ತೀಯ ಕೊರತೆ ಜಿಎಸ್‌ಡಿಪಿಯ, ಅಂದರೆ ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ 3 ಮೀರಬಾರದು, ಒಟ್ಟು ಹೊಣೆಗಾರಿಕೆ, ಅಂದರೆ ತೀರಿಸಬೇಕಿರುವ ಒಟ್ಟು ಸಾಲ ಶೇ 25 ಮೀರಬಾರದು. 2025-26ಕ್ಕೆ ಅಂದಾಜಿಸಿದ ಜಿಎಸ್‌ಡಿಪಿ ಸುಮಾರು 30.70 ಲಕ್ಷ ಕೋಟಿ. ವಿತ್ತೀಯ ಕೊರತೆ ಶೇ 2.95. ಒಟ್ಟು ಹೊಣೆಗಾರಿಕೆ 7,64,655 ಕೋಟಿ, ಅಂದರೆ ಶೇ 24.91. ಎರಡು ಮಾನದಂಡ ಪಾಲನೆಯಾದವು, ರಾಜಸ್ವ ಕೊರತೆಯದು ಆಗಲಿಲ್ಲ.

ಶೇ 24.91 ಎಂಬುದು ಎಷ್ಟು ಅಂಚಿನಲ್ಲಿದೆ ನೋಡಿ. ಸಾಲ ಒಂದು ರೂಪಾಯಿಯೂ ಹೆಚ್ಚದೆ, ಜಿಎಸ್‌ಡಿಪಿ ಮಾತ್ರ 30.50 ಲಕ್ಷ ಕೋಟಿಗೆ ನಿಂತರೂ ಇದೇ ಮೊತ್ತ ಶೇ 25.07 ಆಗಿ ಮಿತಿ ದಾಟುತ್ತದೆ. ಛೇದದಲ್ಲಿರುವುದು ಅಂದಾಜು ಎಂಬುದನ್ನು ಮರೆತು ಶೇಕಡಾವಾರನ್ನಷ್ಟೇ ನೋಡುವವರು ಮೋಸ ಹೋಗುವುದು ಇಲ್ಲೇ. ಭಾಗಿಸುವಾಗ ಚಾಲ್ತಿ ಬೆಲೆಯ, ಅಂದರೆ ಆಯಾ ವರ್ಷದ ಬೆಲೆಯಲ್ಲೇ ಲೆಕ್ಕ ಹಾಕಿದ ಜಿಎಸ್‌ಡಿಪಿಯನ್ನೇ ಬಳಸಿ. ಹಳೆಯ ಮೂಲವರ್ಷದ ಬೆಲೆಯಲ್ಲಿ ಲೆಕ್ಕ ಹಾಕಿದ ಸ್ಥಿರ ಬೆಲೆಯದನ್ನು ಹಾಕಿದರೆ ಶೇಕಡಾವಾರು ವಿನಾಕಾರಣ ಉಬ್ಬುತ್ತದೆ.

ಎರಡನೇ ಬೇಲಿ ಸಂವಿಧಾನದ 293ನೇ ವಿಧಿಯದು. ಕೇಂದ್ರದಿಂದ ಪಡೆದ ಸಾಲದಲ್ಲಿ ಸ್ವಲ್ಪವೇ ಬಾಕಿ ಇದ್ದರೂ, ರಾಜ್ಯ ಹೊಸ ಸಾಲ ಎತ್ತಲು ಕೇಂದ್ರದ ಒಪ್ಪಿಗೆ ಬೇಕು. ಆ ಒಪ್ಪಿಗೆಗೆ ಕೇಂದ್ರ ನಿವ್ವಳ ಸಾಲದ ಮಿತಿ ಗೊತ್ತುಮಾಡುತ್ತದೆ. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ಅದು 2021-22ರಲ್ಲಿ ಶೇ 4, ಮರುವರ್ಷ ಶೇ 3.5, ಆಮೇಲೆ 2025-26ರವರೆಗೆ ಶೇ 3 ಇತ್ತು. ಮಿತಿ ಇರುವುದು ನಿವ್ವಳ ಸಾಲಕ್ಕೆ, ಆದ್ದರಿಂದ 1.16 ಲಕ್ಷ ಕೋಟಿಯನ್ನು ಶೇ 3ರೊಂದಿಗೆ ಹೋಲಿಸಿ ‘ಮಿತಿ ಮೀರಿದೆ’ ಎನ್ನುವುದು ತಪ್ಪು.

ಬೇಲಿಯಲ್ಲಿ ಕಿಂಡಿಯೂ ಇತ್ತು. ಸರ್ಕಾರದ ನಿಗಮವೊಂದು ತನ್ನ ಹೆಸರಲ್ಲಿ ಸಾಲ ಪಡೆದು, ಅಸಲು-ಬಡ್ಡಿಯನ್ನು ರಾಜ್ಯ ಬಜೆಟ್‌ನಿಂದ ಕಟ್ಟಿದರೆ, ಆ ಸಾಲ ವಿತ್ತೀಯ ಕೊರತೆಯಲ್ಲಿ ಕಾಣುವುದಿಲ್ಲ. ಇದೇ ಬಜೆಟ್‌ಯೇತರ ಸಾಲ. 2022ರಿಂದ ಕೇಂದ್ರ ಇದನ್ನೂ ರಾಜ್ಯದ ಸಾಲವೆಂದೇ ಎಣಿಸುತ್ತಿದೆ. ಈ ಮಿತಿಯ ಲೆಕ್ಕಾಚಾರವನ್ನೇ ಪ್ರಶ್ನಿಸಿ ಕೇರಳ ಸುಪ್ರೀಂ ಕೋರ್ಟ್‌ಗೆ ಹೋಯಿತು, 2024ರ ಏಪ್ರಿಲ್‌ನಲ್ಲಿ ವಿಷಯ ಸಂವಿಧಾನ ಪೀಠಕ್ಕೆ ಒಪ್ಪಿಸಲಾಯಿತು.

ಯಾವ ಕಾಲಂ ಓದುತ್ತಿದ್ದೀರಿ?

ಪುಸ್ತಕದ ಕೋಷ್ಟಕಗಳಲ್ಲಿ ನಾಲ್ಕು ಕಾಲಂಗಳಿರುತ್ತವೆ: ಎರಡು ವರ್ಷ ಹಿಂದಿನ ‘ಲೆಕ್ಕಗಳು’, ಕಳೆದ ಸಾಲಿನ ಆಯವ್ಯಯ ಅಂದಾಜು, ಅದರದೇ ಪರಿಷ್ಕೃತ ಅಂದಾಜು, ಹೊಸ ಸಾಲಿನ ಅಂದಾಜು. ನಿಜವಾಗಿ ನಡೆದದ್ದನ್ನು ಹೇಳುವುದು ಮೊದಲನೆಯದು ಮಾತ್ರ. ಮೇಲೆ ನಾವು ತೆಗೆದ ಲೆಕ್ಕವೆಲ್ಲ ನಾಲ್ಕನೇ ಕಾಲಂನದು. 2025-26ರ ಕೊರತೆ ಕೊನೆಗೆ ಎಷ್ಟಾಯಿತು ಎಂಬುದನ್ನು 2027-28ರ ಬಜೆಟ್ ಪುಸ್ತಕದ ‘ಲೆಕ್ಕಗಳು’ ಕಾಲಂನಲ್ಲಿ ಹುಡುಕಬೇಕು. ಆಗ 90,428ರ ಪಕ್ಕದಲ್ಲಿ ಆ ಸಂಖ್ಯೆಯನ್ನಿಟ್ಟು ನೋಡಿ.