ವಿಜ್ಞಾನ ಪ್ರದರ್ಶನದಲ್ಲಿ ಮಾತನಾಡಲು ಹೆದರುವ ಮಗುವಿಗೆ ಟಿಪ್ಪಣಿ ಚೀಟಿ ಸಿದ್ಧಪಡಿಸುವುದು ಹೇಗೆ?

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ತೀರ್ಪುಗಾರಳಾಗಿ ಮೇಜಿನಿಂದ ಮೇಜಿಗೆ ಹೋಗುವಾಗ ನಾನು ಮತ್ತೆ ಮತ್ತೆ ಕಾಣುವ ದೃಶ್ಯವೊಂದಿದೆ. 10 ವರ್ಷದ ಮಗುವೊಂದು ತೆಳುವಾದ ಎ4 ಹಾಳೆಯನ್ನು ಎರಡೂ ಕೈಗಳಲ್ಲಿ ಹಿಡಿದು ನಿಂತಿರುತ್ತದೆ. ಬೆರಳಿನ ಸಣ್ಣ ನಡುಕವು ಹಾಳೆಯ ತುದಿಯನ್ನು ತಲುಪುವಷ್ಟರಲ್ಲಿ ದೊಡ್ಡದಾಗಿ, ಹಾಳೆ ಪಟಪಟನೆ ಸದ್ದು ಮಾಡುತ್ತದೆ. ಆ ಸದ್ದು ಕಿವಿಗೆ ಬಿದ್ದ ಮೇಲೆ ಮಗು ಇನ್ನಷ್ಟು ನಡುಗುತ್ತದೆ. ಹಾಳೆಯಲ್ಲಿರುವುದು ದೊಡ್ಡವರು ಬರೆದುಕೊಟ್ಟ ಇಪ್ಪತ್ತು ಸಾಲು. ಏಳನೆಯ ಸಾಲಿಗೆ ಬಂದಾಗ ಯಾರೋ ನಡುವೆ ಬಾಯಿ ಹಾಕಿ, "ಈ ತಂತಿಯನ್ನು ಯಾಕೆ ಸುತ್ತಿದ್ದೀಯ ಪುಟ್ಟಾ?" ಎಂದು ಕೇಳುತ್ತಾರೆ. ಮಗು ಒಂದು ಕ್ಷಣ ಸುಮ್ಮನಿದ್ದು, "ನಮಸ್ಕಾರ, ನನ್ನ ಹೆಸರು..." ಎಂದು ಮೊದಲಿನಿಂದ ಆರಂಭಿಸುತ್ತದೆ. ಪ್ರಯೋಗ ಅದಕ್ಕೆ ಚೆನ್ನಾಗಿಯೇ ಗೊತ್ತಿರುತ್ತದೆ. ಕೈಯಲ್ಲಿರುವ ಟಿಪ್ಪಣಿಯೇ ಅದರ ದಾರಿ ತಪ್ಪಿಸಿರುತ್ತದೆ.

ಆದ್ದರಿಂದ ಟಿಪ್ಪಣಿಯನ್ನು ಹೇಗೆ ಬರೆಯಬೇಕೆಂಬುದನ್ನು ಒಂದೇ ಪ್ರಯೋಗವನ್ನು ಹಿಡಿದು ಹೇಳುತ್ತೇನೆ. ನನ್ನ ಅಕ್ಕನ ಮಗಳು ಆರಿಸಿಕೊಂಡದ್ದು ವಿದ್ಯುತ್ಕಾಂತ. ಕಬ್ಬಿಣದ ಉದ್ದನೆಯ ಮೊಳೆಗೆ ಎನಾಮಲ್ ಲೇಪನದ ತಾಮ್ರದ ತಂತಿಯನ್ನು 50 ಸುತ್ತು ಸುತ್ತಿ, ತಂತಿಯ ಎರಡು ತುದಿಗಳನ್ನು 1.5 ವೋಲ್ಟಿನ ಸೆಲ್ಲಿಗೆ ಮುಟ್ಟಿಸಿದರೆ ಮೊಳೆಯು ಗುಂಡುಪಿನ್ನುಗಳನ್ನು ಎತ್ತುತ್ತದೆ. ಹೋಲಿಸಿ ನೋಡಲು 25 ಸುತ್ತಿನ ಇನ್ನೊಂದು ಮೊಳೆಯೂ ಪಕ್ಕದಲ್ಲಿರುತ್ತದೆ.

ಮೊದಲು ಬೇಕಾದ ಸಾಮಗ್ರಿ: ಅಂಚೆ ಕಾರ್ಡಿನ ಅಳತೆಯ ಐದು ದಪ್ಪ ರಟ್ಟಿನ ಚೀಟಿಗಳು, ಕಪ್ಪು ಸ್ಕೆಚ್ ಪೆನ್ನು ಮತ್ತು ಚೀಟಿಗಳನ್ನು ಮೇಲಂಚಿನಲ್ಲಿ ಪೋಣಿಸಲು ಎರಡು ಉಂಗುರಗಳು. ಚೀಟಿಗಳಿಗೆ ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಲೇಬೇಡಿ. ಸಭಾಂಗಣದ ದೀಪ ಅದರ ಮೇಲೆ ಹೊಳೆದು ಮಗುವಿಗೆ ಅಕ್ಷರವೇ ಕಾಣುವುದಿಲ್ಲ. ನಾಲ್ಕು ಬಣ್ಣಗಳ ಹೈಲೈಟರ್‌ನ ಅಗತ್ಯವೂ ಇಲ್ಲ.

ಎರಡನೆಯ ಹಂತದಲ್ಲಿಯೇ ಬಹುತೇಕ ಮನೆಗಳಲ್ಲಿ ಕೆಲಸ ಕೆಡುವುದು, ಏಕೆಂದರೆ ಮಗು ಒಂದು ಮಾತನ್ನೂ ಆಡುವ ಮುನ್ನ ದೊಡ್ಡವರು ಬರೆಯಲು ಕುಳಿತಿರುತ್ತಾರೆ. ಪ್ರಯೋಗದ ಸಿದ್ಧ ಪೆಟ್ಟಿಗೆಗಳ ಜೊತೆ ಬರುವ ವಿವರಣೆಯ ಹಾಳೆಯನ್ನು ನಕಲು ಮಾಡುವುದು ಇನ್ನೊಂದು ಅಡ್ಡದಾರಿ. ನಮ್ಮ ಮನೆಗೆ ಬಂದಿದ್ದ ಅಂಥ ಹಾಳೆಯಲ್ಲಿ, "ವಾಹಕದ ಮೂಲಕ ವಿದ್ಯುತ್ ಪ್ರವಾಹವು ಹರಿದಾಗ ಅದರ ಸುತ್ತಲೂ ಕಾಂತಕ್ಷೇತ್ರವು ಉಂಟಾಗುತ್ತದೆ" ಎಂದಿತ್ತು. ವಾಕ್ಯ ಸರಿಯಾಗಿಯೇ ಇದೆ, ಆದರೆ ಅದು ಹುಡುಗಿಯ ಬಾಯಲ್ಲಿ ಎರಡು ಸಲ "ಕಾಂತಚಿತ್ರ"ವಾಯಿತು. ಆಗ ನಾನು ಹಾಳೆಯನ್ನು ತೆಗೆದಿಟ್ಟು, ಫೋನಿನಲ್ಲಿ ಧ್ವನಿಮುದ್ರಣ ಆರಂಭಿಸಿ, "ನಾನು ಇದನ್ನು ಯಾವತ್ತೂ ನೋಡಿಲ್ಲ ಅಂದುಕೋ, ನನಗೆ ಮಾಡಿ ತೋರಿಸು" ಎಂದೆ. ಅವಳು ಮೊಳೆಯನ್ನು ಕೈಗೆತ್ತಿಕೊಂಡು, "ಚಿಕ್ಕಮ್ಮಾ, ಇದು ಬರೀ ಮೊಳೆ, ಈಗ ಏನೂ ಎತ್ತಲ್ಲ ನೋಡು. ಈಗ ಕರೆಂಟ್ ಕೊಟ್ಟೆ. ನೋಡು, ಎಳ್ಕೊಳ್ತು! ಬಿಟ್ಟೆ, ಬಿದ್ದೋಯ್ತು" ಎಂದಳು. ಇಡೀ ಭಾಷಣ ಅಲ್ಲಿಗೆ ಸಿದ್ಧವಾಗಿತ್ತು. ನೀವು ಹೀಗೆ ಎರಡು ಅಥವಾ ಮೂರು ಸಲ ಮಾಡಿಸಿ ಮುದ್ರಿಸಿಕೊಳ್ಳಬೇಕು. ಮಗು ಪ್ರತಿ ಸಲವೂ ತಾನಾಗಿಯೇ ಬಳಸುವ ಮಾತುಗಳನ್ನು ಮಾತ್ರ ಗುರುತು ಹಾಕಿಕೊಳ್ಳಬೇಕು. ನಮ್ಮ ಮುದ್ರಣದಲ್ಲಿ ಮೂರು ಸಲವೂ ಬಂದದ್ದು "ಬರೀ ಮೊಳೆ", "ಎಳ್ಕೊಳ್ತು" ಮತ್ತು "ಬಿಟ್ಟೆ". ಒಮ್ಮೆಯೂ ಬಾರದ "ವಾಹಕ" ಎಂಬ ಪದವನ್ನು ನಾನು ಕೈಬಿಟ್ಟೆ. "ವಿದ್ಯುತ್ಕಾಂತ" ಎಂಬ ಪದ ಮಾತ್ರ ಪ್ರಯೋಗದ ಹೆಸರಾದ್ದರಿಂದ ಉಳಿಯಲೇಬೇಕಿತ್ತು. ಅದನ್ನು "ವಿದ್ಯುತ್–ಕಾಂತ" ಎಂದು ಬಿಡಿಸಿ ಬರೆದು ಹೇಳಿಸಿದೆ.

ಮೂರನೆಯದು ಚೀಟಿಗೆ ಇಳಿಸುವ ಹಂತ. ಇಲ್ಲಿ ಒಂದು ನಿಯಮವನ್ನು ಬಿಗಿಯಾಗಿ ಹಿಡಿಯಿರಿ: ಚೀಟಿಯ ಪ್ರತಿಯೊಂದು ಪದವೂ ಕೈ ಮಾಡುವ ಕೆಲಸವೊಂದನ್ನು ಹೇಳಬೇಕು. ಹೆದರಿದ ಮಗುವಿಗೆ ವಾಕ್ಯ ಮರೆತುಹೋಗಬಹುದು, ಆದರೆ ಕೈ ಮುಂದಿನ ಕೆಲಸ ಮಾಡಿದರೆ ಮಾತು ತಾನಾಗಿ ಹಿಂದೆ ಬರುತ್ತದೆ. ನಮ್ಮ ಚೀಟಿಗಳು ಕೊನೆಗೆ ಹೀಗಾದವು.

ಚೀಟಿ 1: ನಮಸ್ಕಾರ. ಇದು ವಿದ್ಯುತ್ಕಾಂತ. ಇದು ಬೇಕೆಂದಾಗ ಕಾಂತ, ಬೇಡವೆಂದಾಗ ಬರೀ ಮೊಳೆ.
ಚೀಟಿ 2: ಬರೀ ಮೊಳೆ – ಪಿನ್ನಿಗೆ ಮುಟ್ಟಿಸು
ಚೀಟಿ 3: ಸೆಲ್ – ಎತ್ತು – ಬಿಡು – ಎಣಿಸು
ಚೀಟಿ 4: ಇನ್ನೊಂದು ಮೊಳೆ – ಸುತ್ತು ತೋರಿಸು – ಎತ್ತು – ಬಿಡು – ಎಣಿಸು
ಚೀಟಿ 5: ಎರಡೂ ಮೊಳೆ ಪಕ್ಕಪಕ್ಕ. ಸುತ್ತು ಹೆಚ್ಚಾದರೆ ಎಳೆತ ಹೆಚ್ಚು. ನೀವೂ ಎತ್ತಿ ನೋಡುತ್ತೀರಾ?

ಮೊದಲ ಮತ್ತು ಕೊನೆಯ ಚೀಟಿಗಳಲ್ಲಿ ಮಾತ್ರ ಪೂರ್ಣ ವಾಕ್ಯಗಳಿರುವುದನ್ನು ಗಮನಿಸಿ. ಮಾತು ಆರಂಭಿಸುವಾಗ ಮತ್ತು ಮುಗಿಸುವಾಗ ಕೈಗೆ ಹೆಚ್ಚು ಕೆಲಸವಿರುವುದಿಲ್ಲ, ಆದ್ದರಿಂದ ಆ ಎರಡು ಕಡೆ ಓದಿ ಹೇಳುವ ಅವಕಾಶ ಬೇಕು. ಕೊನೆಯ ಪ್ರಶ್ನೆಯನ್ನು ತೆಗೆದುಹಾಕಬೇಡಿ, ಏಕೆಂದರೆ ಅದಿಲ್ಲದಿದ್ದರೆ ಮಾತು ಮುಗಿದದ್ದು ಮಗುವಿಗೂ ಗೊತ್ತಾಗುವುದಿಲ್ಲ, ಎದುರಿಗೆ ನಿಂತವರಿಗೂ ಗೊತ್ತಾಗುವುದಿಲ್ಲ.

ಮೂರನೆಯ ಚೀಟಿಯ ಅನುಕ್ರಮವನ್ನು ನಾವು ಒಂದು ತಪ್ಪಿನಿಂದ ಕಲಿತೆವು. ಮೊದಲು ಅಲ್ಲಿ "ಸೆಲ್ – ಎತ್ತು – ಕಾರಣ ಹೇಳು – ಬಿಡು" ಎಂದು ಬರೆದಿದ್ದೆ. ಅವಳು ಕಾರಣ ಹೇಳುವಷ್ಟು ಹೊತ್ತೂ ತಂತಿಯನ್ನು ಸೆಲ್ಲಿಗೆ ಒತ್ತಿ ಹಿಡಿಯುತ್ತಿದ್ದಳು. ದಪ್ಪ ತಂತಿಯ ಸಣ್ಣ ಸುರುಳಿಗೆ ರೋಧ ತೀರ ಕಡಿಮೆಯಾದ್ದರಿಂದ ಸೆಲ್ಲಿನಿಂದ ದೊಡ್ಡ ಪ್ರವಾಹ ಹರಿದು, ತಂತಿ ಬಿಸಿಯಾಗುತ್ತದೆ, ಸೆಲ್ ಬೇಗ ಸೋಲುತ್ತದೆ. ಅಭ್ಯಾಸದ ಸಂಜೆ ಎಂಟನೆಯ ಸಲಕ್ಕೆ ಬರುವಾಗ ಮೊದಲು 11 ಪಿನ್ನು ಎತ್ತುತ್ತಿದ್ದ ಮೊಳೆ 4 ಪಿನ್ನು ಮಾತ್ರ ಎತ್ತಿತು, ಹುಡುಗಿ ತುದಿಬೆರಳು ಸುಡುತ್ತಿದೆ ಎಂದು ತಂತಿಯನ್ನು ಬಿಟ್ಟುಬಿಟ್ಟಳು. ಆ ಮೇಲೆ "ಬಿಡು" ಎಂಬುದನ್ನು "ಎತ್ತು" ಎಂಬುದರ ಪಕ್ಕಕ್ಕೇ ತಂದೆ. ಪಿನ್ನುಗಳು ತಟ್ಟೆಗೆ ಬಿದ್ದ ಮೇಲೆ ಅವನ್ನು ಎಣಿಸುವುದು, ಮಾತೆಲ್ಲ ಅದರ ನಂತರ. ಸೆಲ್ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಜೋಡಣೆಯಲ್ಲಿ ಇರಬಾರದು.

ಎಣಿಸುವ ಕೆಲಸದಿಂದ ಇನ್ನೊಂದು ಉಪಕಾರವೂ ಆಯಿತು. ಹೆದರಿದ ಮಕ್ಕಳು ಓಡೋಡಿ ಮಾತನಾಡುತ್ತಾರೆ ಎಂದು ಹೆತ್ತವರು ಚೀಟಿಯ ಮೂಲೆಯಲ್ಲಿ "ನಿಧಾನ", "ನಗು", "ಹೆದರಬೇಡ" ಎಂದೆಲ್ಲ ಬರೆಯುತ್ತಾರೆ. ಅವನ್ನು ಅಳಿಸಿಬಿಡಿ, "ಹೆದರಬೇಡ" ಎಂದು ಓದಿದ ಮಗುವಿಗೆ ಹೆದರಿಕೆ ಮತ್ತೆ ನೆನಪಾಗುತ್ತದೆ. ಪಿನ್ನುಗಳನ್ನು ಒಂದೊಂದಾಗಿ ಬದಿಗೆ ಸರಿಸಿ "ಒಂದು, ಎರಡು, ಮೂರು" ಎಂದು ಎಣಿಸುವಾಗ ಉಸಿರೂ ಮಾತೂ ತಾವಾಗಿ ನಿಧಾನವಾಗುತ್ತವೆ.

ಅದೇ ಕಾರಣಕ್ಕೆ ಚೀಟಿಯಲ್ಲಿ ಪಿನ್ನುಗಳ ಸಂಖ್ಯೆಯನ್ನು ಬರೆಯಬಾರದು. ಮನೆಯಲ್ಲಿ 11 ಬಂದಿತ್ತೆಂದು "11 ಪಿನ್ನು" ಎಂದು ಬರೆದಿಟ್ಟರೆ, ಅಲ್ಲಿ 8 ಬಂದ ಕೂಡಲೇ ಮಗು ತನ್ನ ಪ್ರಯೋಗವೇ ತಪ್ಪಾಯಿತೆಂದು ತಿಳಿದು ನಿಂತುಬಿಡುತ್ತದೆ. "ಸುತ್ತು ಎರಡು ಪಟ್ಟಾದರೆ ಎಳೆತವೂ ಎರಡು ಪಟ್ಟು" ಎಂಬ ವಾಕ್ಯವೂ ಬೇಡ. ಸುತ್ತು ಹೆಚ್ಚಾದಂತೆ ತಂತಿ ಉದ್ದವಾಗಿ ಪ್ರವಾಹ ಸ್ವಲ್ಪ ತಗ್ಗುತ್ತದೆ, ಪಿನ್ನುಗಳು ಒಂದಕ್ಕೊಂದು ಅಂಟಿಕೊಳ್ಳುವ ರೀತಿಯೂ ಪ್ರತಿ ಸಲ ಬೇರೆಯಾಗಿರುತ್ತದೆ, ಹಾಗಾಗಿ ಎಣಿಕೆ ಅಷ್ಟು ನೇರವಾಗಿ ಬರುವುದಿಲ್ಲ. "ಹೆಚ್ಚು" ಎಂದರೆ ಸಾಕು, ಅದು ಕಣ್ಣಿಗೆ ಕಾಣುವ ಸತ್ಯ. ತಂತಿಯ ಪಕ್ಕದಲ್ಲಿ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಅರ್ಸ್ಟೆಡ್ 1820ರಲ್ಲಿ ಗಮನಿಸಿದ್ದು, ಸ್ಟರ್ಜನ್ 1825ರಲ್ಲಿ ವಿದ್ಯುತ್ಕಾಂತ ಮಾಡಿದ್ದು ಒಳ್ಳೆಯ ಸಂಗತಿಗಳೇ, ಆದರೆ ಅವುಗಳ ಜಾಗ ಹಿಂದಿನ ಭಿತ್ತಿಪತ್ರ. ನಾಲಿಗೆಗೆ ಹೊಸದಾದ ಎರಡು ಹೆಸರು ಮತ್ತು ಎರಡು ಇಸವಿಗಳನ್ನು ಚೀಟಿಗೆ ತಂದರೆ ಮಗು ಎಡವುವುದು ಅಲ್ಲಿಯೇ.

ಬರೆದಾದ ಮೇಲೆ ಚೀಟಿಗಳನ್ನು ಉಂಗುರಗಳಿಂದ ಪೋಣಿಸಿ ಮೇಜಿನ ಕ್ಯಾಲೆಂಡರಿನಂತೆ ನಿಲ್ಲಿಸಿ. ಒಂದು ಕೈ ಮೊಳೆಗೆ, ಇನ್ನೊಂದು ಕೈ ಸೆಲ್ಲಿಗೆ ಬೇಕಾಗಿರುವುದರಿಂದ ಚೀಟಿ ಹಿಡಿಯಲು ಮೂರನೆಯ ಕೈ ಇಲ್ಲ. ಮಗುವಿನ ಕಣ್ಣು ಚೀಟಿಯ ಮೇಲೆ ಒಂದು ನೋಟಕ್ಕಿಂತ ಹೆಚ್ಚು ಹೊತ್ತು ನಿಂತರೆ ಆ ಚೀಟಿಯಲ್ಲಿ ಪದಗಳು ಹೆಚ್ಚಾಗಿವೆ ಎಂದು ತಿಳಿದು ಇನ್ನೊಂದನ್ನು ಹೊಡೆದುಹಾಕಿ.

ಅಭ್ಯಾಸವನ್ನು ಪ್ರತಿ ಸಲವೂ ಮೊದಲಿನಿಂದ ಮಾಡಿಸಬೇಡಿ. ಪ್ರದರ್ಶನದಲ್ಲಿ ಜನ ನಡುವೆ ಬರುತ್ತಾರೆ, ನಡುವೆಯೇ ಹೋಗುತ್ತಾರೆ. ಆದ್ದರಿಂದ "ನಾಲ್ಕನೆಯ ಚೀಟಿ" ಎಂದು ಹೇಳಿ ಅಲ್ಲಿಂದಲೇ ಆರಂಭಿಸಲು ಹೇಳಿ, ಇನ್ನೊಮ್ಮೆ ಎರಡನೆಯದರಲ್ಲಿ ತಡೆದು ಪ್ರಶ್ನೆ ಕೇಳಿ ಮೂರಕ್ಕೆ ಹೋಗಲು ಬಿಡಿ.

ಐದನೆಯ ಚೀಟಿಯ ಬೆನ್ನಿಗೆ ಎರಡು ಉತ್ತರಗಳು ಪೂರ್ಣ ವಾಕ್ಯದಲ್ಲಿರಲಿ. ಸೆಲ್ ತೆಗೆದ ಮೇಲೂ ಕೆಲವೊಮ್ಮೆ ಒಂದೆರಡು ಪಿನ್ನುಗಳು ಮೊಳೆಗೆ ಅಂಟಿಕೊಂಡೇ ಇರುತ್ತವೆ, ಮತ್ತು "ಬಿಟ್ಟರೆ ಬೀಳುತ್ತದೆ" ಎಂದು ಆಗಷ್ಟೇ ಹೇಳಿದ ಮಗು ಅದನ್ನು ಕಂಡು ಕಂಗಾಲಾಗುತ್ತದೆ. ಮೊಳೆ ಅಪ್ಪಟ ಮೆದು ಕಬ್ಬಿಣವಲ್ಲದೆ ಉಕ್ಕಾಗಿರುವುದರಿಂದ ಹೀಗಾಗುತ್ತದೆ, ಪ್ರಯೋಗ ಕೆಟ್ಟಿರುವುದಿಲ್ಲ. "ಮೊಳೆಯಲ್ಲಿ ಸ್ವಲ್ಪ ಕಾಂತಗುಣ ಉಳಿದುಕೊಂಡಿದೆ, ಅದಕ್ಕೇ ಇದು ಬಿದ್ದಿಲ್ಲ" ಎಂಬ ಉತ್ತರ ಬರೆದಿಡಿ. ಎರಡನೆಯದು, "ಅದು ನನಗೆ ಗೊತ್ತಿಲ್ಲ, ನಾನು ಮಾಡಿ ನೋಡಿಲ್ಲ" ಎಂಬುದು. ಇದನ್ನು ಬರೆದುಕೊಡದಿದ್ದರೆ ಮಗುವಿಗೆ ಹಾಗೆ ಹೇಳಬಹುದೆಂದೇ ತಿಳಿದಿರುವುದಿಲ್ಲ.

ಹಿಂದಿನ ರಾತ್ರಿ ತಂತಿಯ ಎರಡೂ ತುದಿಗಳನ್ನು ಮರಳು ಕಾಗದದಿಂದ ಉಜ್ಜಿ ಎನಾಮಲ್ ಪೂರ್ತಿ ಹೋಗಿದೆಯೇ, ತಾಮ್ರ ಹೊಳೆಯುತ್ತಿದೆಯೇ ಎಂದು ನೋಡಿಕೊಳ್ಳಿ. ಲೇಪನ ಉಳಿದಿದ್ದರೆ ಪ್ರವಾಹ ಹರಿಯುವುದಿಲ್ಲ. ಚೀಟಿಗಳ ಇನ್ನೊಂದು ಪ್ರತಿ ಮತ್ತು ಎರಡು ಹೊಸ ಸೆಲ್ಲುಗಳು ಚೀಲದಲ್ಲಿರಲಿ. ಎಣಿಕೆ ಇಳಿಯತೊಡಗಿದರೆ ಸೆಲ್ ಬದಲಾಯಿಸಬೇಕೆಂದು ನೆನಪಾಗಲು ಮೂರನೆಯ ಚೀಟಿಯ ಕೆಳಗೆ ಒಂದು ಸಣ್ಣ ಸೆಲ್ಲಿನ ಚಿತ್ರವನ್ನು ಮಗುವಿನ ಕೈಯಿಂದಲೇ ಬರೆಸಿಡಿ.