ಆರ್ಗಾನ್ ಹಾಕಿದರೆ ಸಮತೋಲನ ಸರಿಯುತ್ತದೆಯೇ? ಲೆಕ್ಕ ಹಾಕಿ ನೋಡುವುದು ಹೀಗೆ

ಜಯನಗರದಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ನಾನು ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಮೊನ್ನೆ ಒಬ್ಬ ಹುಡುಗಿ ಕೇಳಿದಳು. "ಮಿಸ್, ಡಬ್ಬಿಗೆ ಆರ್ಗಾನ್ ತುಂಬಿದರೆ ಒತ್ತಡ ಜಾಸ್ತಿ ಆಗುತ್ತೆ. ಒತ್ತಡ ಜಾಸ್ತಿ ಆದರೆ ಕಡಿಮೆ ಮೋಲ್ ಇರುವ ಕಡೆಗೆ ಸರಿಯುತ್ತೆ ಅಂತ ನೀವೇ ಹೇಳಿದ್ರಿ. ಆದರೆ ಉತ್ತರದಲ್ಲಿ ಏನೂ ಆಗಲ್ಲ ಅಂತಿದೆ. ಯಾಕೆ?"

ಅವಳ ತರ್ಕದಲ್ಲಿ ತಪ್ಪಿಲ್ಲ. ನಾನು ಕೊಟ್ಟಿದ್ದ ಸೂತ್ರವೇ ಅರ್ಧ. ಹಾಗಾಗಿ ಅವತ್ತು ಬೋರ್ಡ್ ಒರೆಸಿ ಒಂದೇ ಒಂದು ಕ್ರಿಯೆ ಹಿಡಿದು ಮೊದಲಿನಿಂದ ಲೆಕ್ಕ ಹಾಕಿದೆವು. ನೀವೂ ಪೆನ್ನು, ಹಾಳೆ, ಕ್ಯಾಲ್ಕುಲೇಟರ್ ತಗೊಳ್ಳಿ.

ಮೊದಲು ಕ್ರಿಯೆಯ ಪರಿಚಯ

```
N2O4 ⇌ 2 NO2
```

ಎಡಗಡೆ ಇರುವ ಡೈನೈಟ್ರೋಜನ್ ಟೆಟ್ರಾಕ್ಸೈಡ್‌ಗೆ ಬಣ್ಣವಿಲ್ಲ. ಬಲಗಡೆಯ ನೈಟ್ರೋಜನ್ ಡೈಆಕ್ಸೈಡ್ ಕಂದು. ಸಮತೋಲನ ಎತ್ತ ಸರಿಯಿತು ಅನ್ನುವುದು ಕಣ್ಣಿಗೇ ಕಾಣುತ್ತದೆ, ಅದಕ್ಕೇ ಇದನ್ನು ಆರಿಸಿಕೊಂಡೆ. ಆದರೆ ಇದು ವಿಷದ ಅನಿಲ. ಕಾಲೇಜು ಲ್ಯಾಬ್‌ನಲ್ಲಿ ಸೀಲ್ ಮಾಡಿದ ಟ್ಯೂಬಿನಲ್ಲಿ ನೋಡಬೇಕೇ ಹೊರತು ಮನೆಯಲ್ಲಿ ತಯಾರಿಸಲು ಹೋಗಬೇಡಿ.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ಸಮತೋಲನ ಸ್ಥಿರಾಂಕ Kp ಸುಮಾರು 0.15, ಒತ್ತಡವನ್ನು atm ಲೆಕ್ಕದಲ್ಲಿ ಹಿಡಿದರೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ 0.9 atm ಹತ್ತಿರ ಇರುತ್ತದೆ. ಸಲೀಸಾಗಿ ಜಾರುವ ಪಿಸ್ಟನ್ ಇರುವ ಪಾತ್ರೆಗೆ 1 ಮೋಲ್ N2O4 ಹಾಕಿ ಸುಮ್ನೆ ಬಿಟ್ಟರೆ, ಅದರಲ್ಲಿ 20% ಒಡೆದು NO2 ಆಗುತ್ತದೆ. ಅಂದರೆ 0.8 ಮೋಲ್ N2O4 ಉಳಿದು, 0.4 ಮೋಲ್ NO2 ಹುಟ್ಟುತ್ತದೆ. ಒಟ್ಟು 1.2 ಮೋಲ್.

ಈಗ ಆಂಶಿಕ ಒತ್ತಡ, ಅಂದರೆ ಪ್ರತಿ ಅನಿಲ ತನ್ನ ಪಾಲಿಗೆ ಹಾಕುವ ಒತ್ತಡ ಬರೆಯಿರಿ. NO2 ಪಾಲು 0.3 atm, N2O4 ಪಾಲು 0.6 atm.

```
Kp = (0.3)² / 0.6 = 0.15
```

ಇದೇ ಪಾತ್ರೆ ಮಂಗಳೂರಿನ ಸಮುದ್ರ ತೀರದಲ್ಲಿ, 1 atm ಒತ್ತಡದಲ್ಲಿ ಇದ್ದರೆ? 19% ಮಾತ್ರ ಒಡೆಯುತ್ತದೆ. Kp ಬದಲಾಗಲಿಲ್ಲ, ಒಡೆದ ಪಾಲು ಬದಲಾಯಿತು. ಈ ವ್ಯತ್ಯಾಸವನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ.

ಪಿಸ್ಟನ್ ಒತ್ತಿ ನೋಡೋಣ

ಗಾತ್ರವನ್ನು ಅರ್ಧಕ್ಕೆ ಇಳಿಸಿ. ಆ ಕ್ಷಣದಲ್ಲಿ ಎರಡೂ ಅನಿಲಗಳ ಒತ್ತಡ ದುಪ್ಪಟ್ಟು: NO2 0.6, N2O4 1.2. ಈ ಹೊತ್ತಿನ ಭಾಗಲಬ್ಧಕ್ಕೆ Q ಅನ್ನುತ್ತೇವೆ.

```
Q = (0.6)² / 1.2 = 0.30
```

Q ಈಗ Kp ಗಿಂತ ದೊಡ್ಡದು. ಅದು ಇಳಿಯಬೇಕು ಅಂದರೆ NO2 ಕಡಿಮೆಯಾಗಬೇಕು, ಕ್ರಿಯೆ ಎಡಕ್ಕೆ ಸರಿಯಬೇಕು. ಲೆಕ್ಕ ಮುಗಿಸಿದರೆ NO2 ಸುಮಾರು 0.44 ಕ್ಕೆ ಬಂದು ನಿಲ್ಲುತ್ತದೆ, N2O4 1.28 ಕ್ಕೆ.

ಇಲ್ಲಿ ತುಂಬಾ ಮಕ್ಕಳು ಎಡವುತ್ತಾರೆ. "ಎಡಕ್ಕೆ ಸರಿದರೆ ಬಣ್ಣ ಮೊದಲಿಗಿಂತ ತಿಳಿಯಾಗುತ್ತೆ" ಅಂತ ಬರೆದುಬಿಡುತ್ತಾರೆ. ಅಂಕಿ ನೋಡಿ. ಶುರುವಿನಲ್ಲಿ 0.3, ಒತ್ತಿದಾಗ 0.6, ಕೊನೆಗೆ 0.44. ಪಕ್ಕದಿಂದ ನೋಡಿದರೆ ಬಣ್ಣ ಥಟ್ಟನೆ ಗಾಢವಾಗಿ, ಆಮೇಲೆ ಸ್ವಲ್ಪ ತಿಳಿಯಾಗುತ್ತದೆ, ಆದರೂ ಮೊದಲಿಗಿಂತ ಗಾಢವಾಗಿಯೇ ಉಳಿಯುತ್ತದೆ. ಕೊಳವೆಯ ಉದ್ದಕ್ಕೂ, ತುದಿಯಿಂದ ನೋಡಿದರೆ ಮಾತ್ರ ಮೊದಲಿಗಿಂತ ತಿಳಿ ಕಾಣುತ್ತದೆ, ಯಾಕೆಂದರೆ ಆಗ ಕಣ್ಣಿಗೆ ಸಿಗುವುದು ಒಟ್ಟು NO2 ಎಷ್ಟಿದೆ ಅನ್ನುವುದು. ಅದು ನಿಜಕ್ಕೂ ಕಡಿಮೆಯಾಗಿದೆ.

Kp ಯಿಂದ Kc ಗೆ

Kc ಅಂದರೆ ಇದೇ ಭಾಗಲಬ್ಧ, ಒತ್ತಡದ ಬದಲು ಸಾರತೆಯಲ್ಲಿ. ಅನಿಲದ ಒತ್ತಡ ಅಂದರೆ ಸಾರತೆ ಗುಣಿಸು RT, ಅಷ್ಟೇ. ಮೇಲೆ ವರ್ಗ ಇರುವುದರಿಂದ ಎರಡು RT, ಕೆಳಗೆ ಒಂದು RT. ಒಂದು ಹೊಡೆದು ಹೋಗಿ ಒಂದು ಉಳಿಯುತ್ತದೆ. ಬೇರೆ ಕ್ರಿಯೆಗಳಿಗೂ ಸೇರಿಸಿ ಬರೆದರೆ:

```
Kp = Kc (RT)^Δn
```

Δn ಅಂದರೆ ಬಲಗಡೆಯ ಅನಿಲ ಮೋಲ್‌ಗಳಲ್ಲಿ ಎಡಗಡೆಯ ಅನಿಲ ಮೋಲ್‌ಗಳನ್ನು ಕಳೆದದ್ದು. ಘನ, ದ್ರವಗಳನ್ನು ಎಣಿಸುವ ಹಾಗಿಲ್ಲ. ನಮ್ಮಲ್ಲಿ Δn = 1. R = 0.0821, T = 298, ಗುಣಿಸಿದರೆ 24.5. ಆದ್ದರಿಂದ Kc = 0.15 / 24.5, ಸುಮಾರು 0.0061.

ಸರಿಯಾ ಅಂತ ನೋಡಿಕೊಳ್ಳುವುದು ಸುಲಭ. ನಮ್ಮ ಪಾತ್ರೆಯ ಗಾತ್ರ 1.2 × 24.5 / 0.9, ಅಂದರೆ ಸುಮಾರು 32.6 ಲೀಟರ್. NO2 ಸಾರತೆ 0.4 / 32.6, N2O4 ಸಾರತೆ 0.8 / 32.6. ಭಾಗಲಬ್ಧ ತೆಗೆಯಿರಿ, ಅದೇ 0.0061 ಬರುತ್ತದೆ. ನಿಮಗೆ 0.00006 ಬಂದಿದ್ದರೆ R ಜಾಗದಲ್ಲಿ 8.314 ಹಾಕಿದ್ದೀರಿ ಅಂತ ಅರ್ಥ. atm, ಲೀಟರ್ ಲೆಕ್ಕಕ್ಕೆ ಆ R ಹೊಂದುವುದಿಲ್ಲ, ಉತ್ತರ ನೂರು ಪಟ್ಟು ತಪ್ಪುತ್ತದೆ.

ಈಗ ಆರ್ಗಾನ್

ಪಿಸ್ಟನ್ ಅನ್ನು ಬಿಗಿಯಾಗಿ ಕಟ್ಟಿಬಿಡಿ, ಗಾತ್ರ ಅಲುಗಾಡಬಾರದು. ಒಳಗೆ 1.2 ಮೋಲ್ ಆರ್ಗಾನ್ ಬಿಡಿ. ಒಟ್ಟು ಒತ್ತಡ 0.9 ರಿಂದ 1.8 ಕ್ಕೆ ಏರುತ್ತದೆ. ಮೀಟರ್ ಮುಳ್ಳು ಓಡುತ್ತದೆ, ಹೌದು. ಆದರೆ NO2 ಅದೇ 0.4 ಮೋಲ್, ಅದೇ 32.6 ಲೀಟರ್‌ನಲ್ಲಿದೆ. ಅದರ ಪಾಲು ಈಗಲೂ 0.3. N2O4 ಪಾಲೂ 0.6 ಆಗಿಯೇ ಇದೆ. Q ಅದೇ 0.15. ಸರಿಯಲು ಕಾರಣವೇ ಇಲ್ಲ.

ಈಗ ಅದೇ ಆರ್ಗಾನ್, ಆದರೆ ಪಿಸ್ಟನ್ ಬಿಚ್ಚಿ. ಒಟ್ಟು ಒತ್ತಡ 0.9 ದಾಟಬಾರದು. ಆರ್ಗಾನ್‌ಗೆ ಜಾಗ ಬೇಕಲ್ವಾ, ಪಿಸ್ಟನ್ ಮೇಲೇರಿ ಗಾತ್ರ ದುಪ್ಪಟ್ಟಾಗುತ್ತದೆ. NO2 ಪಾಲು 0.15 ಕ್ಕೆ, N2O4 ಪಾಲು 0.3 ಕ್ಕೆ ಇಳಿಯುತ್ತದೆ.

```
Q = (0.15)² / 0.3 = 0.075
```

Kp ಗಿಂತ ಕಡಿಮೆ, ಹಾಗಾಗಿ ಬಲಕ್ಕೆ ಸರಿಯುತ್ತದೆ. ಹೊಸ ಸಮತೋಲನದಲ್ಲಿ 20% ಬದಲು ಸುಮಾರು 27% N2O4 ಒಡೆದಿರುತ್ತದೆ. ಆರ್ಗಾನ್ ಯಾರ ಜೊತೆಗೂ ಸೇರಲಿಲ್ಲ. ಅದು ಮಾಡಿದ್ದು ಇಷ್ಟೇ, ಉಳಿದವರನ್ನು ಹರಡಿ ತೆಳುವಾಗಿಸಿತು. ಸ್ಟೈರೀನ್ ತಯಾರಿಸುವಾಗ ಈಥೈಲ್ ಬೆಂಜೀನ್ ಜೊತೆ ಧಾರಾಳವಾಗಿ ಹಬೆ ಬಿಡುವುದಕ್ಕೆ ಒಂದು ಕಾರಣ ಇದೇ. ಅಲ್ಲೂ ಬಲಗಡೆ ಮೋಲ್ ಜಾಸ್ತಿ.

ಎರಡೂ ಕಡೆ ಅನಿಲ ಮೋಲ್ ಸಮ ಇದ್ದರೆ ಈ ಯಾವ ಆಟವೂ ನಡೆಯುವುದಿಲ್ಲ. ಹೈಡ್ರೋಜನ್, ಅಯೋಡಿನ್ ಸೇರಿ HI ಆಗುವ ಕ್ರಿಯೆ ಹಾಗೆ. ಮೇಲೆ ಕೆಳಗೆ ಒಂದೇ ಪ್ರಮಾಣದಲ್ಲಿ ಬದಲಾಗಿ Q ಇದ್ದಲ್ಲೇ ಇರುತ್ತದೆ.

ತಾಪಮಾನ ಬೇರೆಯದೇ ಕಥೆ

ಇಲ್ಲಿಯವರೆಗೆ ಬದಲಾಗಿದ್ದು Q. ಬಿಸಿ ಮಾಡಿದರೆ ಬದಲಾಗುವುದು K ಯೇ. N2O4 ಒಡೆಯಲು ಮೋಲ್‌ಗೆ ಸುಮಾರು 57 ಕಿಲೋಜೌಲ್ ಶಾಖ ಬೇಕು. ಹಾಗಾಗಿ ಬಿಸಿ ಕೊಟ್ಟಷ್ಟೂ Kp ಏರುತ್ತದೆ. 25 ರಿಂದ 35 ಡಿಗ್ರಿಗೆ ಬಂದರೆ 0.15 ಇದ್ದದ್ದು ಸುಮಾರು 0.32 ಆಗುತ್ತದೆ. ನಮ್ಮ ಪಿಸ್ಟನ್ ಪಾತ್ರೆಯಲ್ಲಿ ಆಗ 28% ಒಡೆದಿರುತ್ತದೆ. 35 ಡಿಗ್ರಿಯ Kc ಬೇಕಾದರೆ T ಜಾಗದಲ್ಲಿ 308 ಹಾಕಬೇಕು, 298 ಅಲ್ಲ.

ಲ್ಯಾಬ್‌ನಲ್ಲಿ ಸೀಲ್ ಮಾಡಿದ ಎರಡು ಟ್ಯೂಬ್ ಸಿಕ್ಕರೆ ಒಂದನ್ನು ಐಸ್ ನೀರಿನಲ್ಲಿ, ಇನ್ನೊಂದನ್ನು ಬಿಸಿ ನೀರಿನಲ್ಲಿ ಇಟ್ಟು ಬಿಳಿ ಹಾಳೆ ಹಿಂದಿಟ್ಟು ನೋಡಿ. ಐಸ್‌ನಲ್ಲಿರುವುದು ತಿಳಿಯಾಗುತ್ತದೆ, ಬಿಸಿಯಲ್ಲಿರುವುದು ಗಾಢ ಕಂದು. ಟ್ಯೂಬಿನ ಗಾತ್ರ ಬದಲಾಗಿಲ್ಲ, ಹೊಸದಾಗಿ ಏನೂ ಸೇರಿಲ್ಲ. ಆ ಬಣ್ಣದ ವ್ಯತ್ಯಾಸ ಪೂರ್ತಿ K ಬದಲಾದದ್ದರಿಂದ ಬಂದದ್ದು.