ಮಣಿಕಟ್ಟಿನ ಗಂಟು: ಕುಯ್ಯಿಸದೆ ಹೋಯಿತು

ಕೊನೆಗೂ ಹೋಯಿತು. ಬಲಗೈ ಮಣಿಕಟ್ಟಿನ ಹಿಂಭಾಗದಲ್ಲಿ, ತೋರುಬೆರಳು ಮತ್ತು ನಡುಬೆರಳಿನ ನೇರಕ್ಕೆ ಎದ್ದಿದ್ದ ಗಂಟು ಈಗ ಕೈ ಎಷ್ಟು ಮಡಚಿದರೂ ಕಾಣುವುದಿಲ್ಲ. ಕುಯ್ಯಿಸದೆ ಅದು ಹೋಗೋದೇ ಇಲ್ಲ ಎಂದಿದ್ದವರು ನನ್ನ ಜೊತೆ ಯೋಗ ಹೇಳಿಕೊಡುವವರೇ. ಹಾಗಾಗಿ ಅವರಿಗೇ ಬರೆಯುತ್ತಿದ್ದೇನೆ. ದಿನವಿಡೀ ಅಂಗೈ ಊರುವ ಕಸುಬು ನಮ್ಮದು. ಚತುರಂಗ ದಂಡಾಸನದಲ್ಲಿ ಮಣಿಕಟ್ಟಿನ ಹಿಂದೆ ಚುಚ್ಚಿದ ಹಾಗೆ ಆಗುವುದು ಎಂದರೇನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇಂಥ ಗಂಟಿಗೆ ಗ್ಯಾಂಗ್ಲಿಯನ್ ಎಂಬ ಹೆಸರಿರುವುದೂ ನಿಮಗೆ ಗೊತ್ತು. ಆದರೆ ಅದು ಯಾಕೆ ಬರುತ್ತದೆ, ಹೋಗುತ್ತದೆ ಎನ್ನುವುದನ್ನು ಮಾತ್ರ ನೆನಪಿಡಿ, ನನ್ನ ಲೆಕ್ಕಾಚಾರವೆಲ್ಲ ನಿಂತಿರುವುದು ಅದರ ಮೇಲೆ. ಮಣಿಕಟ್ಟಿನ ಸಣ್ಣ ಎಲುಬುಗಳನ್ನು ಹಿಡಿದಿಡುವ ಕಟ್ಟಿನ ಹತ್ತಿರದಿಂದ ಒಂದು ಸಣ್ಣ ತೊಟ್ಟು ಹೊರಡುತ್ತದೆ. ಅದರ ತುದಿಯಲ್ಲಿ ಚೀಲ. ಕೀಲಿನ ಒಳಗಿನ ಜಿಗುಟು ದ್ರವ ಆ ತೊಟ್ಟಿನ ಮೂಲಕ ಚೀಲಕ್ಕೆ ಸುಲಭವಾಗಿ ಹೋಗುತ್ತದೆ, ವಾಪಸ್ ಬರುವುದು ಕಷ್ಟ. ಕೈಗೆ ಕೆಲಸ ಜಾಸ್ತಿ ಆದಾಗ ಉಬ್ಬುತ್ತದೆ, ಬಿಡುವು ಸಿಕ್ಕಾಗ ಇಳಿಯುತ್ತದೆ. ನನಗೆ ಶಿಬಿರದ ವಾರಗಳಲ್ಲಿ ದೊಡ್ಡ ಗೋಲಿಯಷ್ಟು, ದಸರಾ ರಜೆಯಲ್ಲಿ ಕಡಲೆಕಾಳಿನಷ್ಟು.

ಮೊದಲು ಮನೆಯವರ ಪ್ರಯೋಗಗಳು. ಅತ್ತೆ ಹರಳೆಣ್ಣೆ ಹಚ್ಚಿದರು. ದಿಂಬಿನ ಚೀಲ ಹಾಳಾಯಿತೇ ಹೊರತು ಗಂಟಿಗೆ ಏನೂ ಆಗಲಿಲ್ಲ. ಆಮೇಲೆ ಹಳೇ ದಪ್ಪ ನಾಣ್ಯವನ್ನು ಇಟ್ಟು ಬಿಗಿಯಾಗಿ ಪಟ್ಟಿ ಕಟ್ಟಿದೆವು. ಇದು ನೋಡೋಕೆ ಮಜವಾಗಿತ್ತು. ಬೆಳಿಗ್ಗೆ ಬಿಚ್ಚಿದರೆ ಗಂಟು ಅರ್ಧ ಮಾಯ! ಸಂಜೆ ಕ್ಲಾಸು ಮುಗಿಸುವಷ್ಟರಲ್ಲಿ ಹಾಗೇ ವಾಪಸ್. ಒತ್ತಿದ್ದಕ್ಕೆ ದ್ರವ ಪಕ್ಕಕ್ಕೆ ಸರಿದಿತ್ತು ಅಷ್ಟೇ. ಒಂದು ವಾರಕ್ಕೆ ಚರ್ಮ ಕೆಂಪಾಗಿ ತುರಿಸತೊಡಗಿತು, ಬಿಟ್ಟೆ. ಎದುರುಮನೆ ಅಂಕಲ್ ದಪ್ಪ ಪುಸ್ತಕದಿಂದ ಒಂದೇ ಏಟು ಕೊಡಿ ಅಂದರು. ಅದಕ್ಕೆ ಮಾತ್ರ ನಾನು ಕೈ ಒಡ್ಡಲಿಲ್ಲ. ಚೀಲ ಒಡೆದರೂ ತೊಟ್ಟು ಅಲ್ಲೇ ಇರುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ನಡುವೆ ಎಲುಬು ಬಿರುಕು ಬಿಟ್ಟರೆ ಯಾರು ಹೊಣೆ?

ಮೂಳೆ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ ನನಗೆ ಇಷ್ಟವಾಯಿತು. "ಇದು ನೋವು ಕೊಡ್ತಿದೆಯಾ ಮೇಡಂ, ಅಥವಾ ನೋಡೋಕೆ ಬೇಜಾರಾ?" ಎರಡೂ ಅಂದೆ. ಕೋಣೆಯ ದೀಪ ಆರಿಸಿ ಗಂಟಿನ ಪಕ್ಕಕ್ಕೆ ಟಾರ್ಚ್ ಒತ್ತಿ ಹಿಡಿದರು. ಇಡೀ ಗಂಟು ಕೆಂಪಗೆ ಬೆಳಗಿತು. ಒಳಗೆ ತಿಳಿ ದ್ರವ ಇದ್ದರೆ ಹೀಗೆ, ಗಟ್ಟಿ ಮಾಂಸ ಇದ್ದರೆ ಬೆಳಕು ದಾಟುವುದಿಲ್ಲ ಎಂದರು. ಸ್ಕ್ಯಾನ್‌ಗೆ ಸಾವಿರದ ಇನ್ನೂರೋ ಏನೋ ಆಯಿತು. ಅದೂ ಇದನ್ನೇ ಹೇಳಿತು.

ಮರಗಟ್ಟಿಸಿ ದಪ್ಪ ಸೂಜಿ ಹಾಕಿ ಎಳೆದರು. ಸಿರಿಂಜಿನೊಳಗೆ ಬಂದದ್ದು ಥೇಟ್ ಲೋಳೆಸರದ ತಿರುಳು, ತೆಳು ಸೂಜಿಗೆ ಅದು ಬರುವುದೇ ಇಲ್ಲವಂತೆ. ಗಂಟು ಚಪ್ಪಟೆ, ನನಗೆ ಭಾರಿ ಖುಷಿ. ಸುಮಾರು ಎರಡು ಸಾವಿರ ಖರ್ಚು. ಎರಡು ತಿಂಗಳೊಳಗೆ ಅದೇ ಜಾಗದಲ್ಲಿ ಅದೇ ಗಂಟು. ಬೇರೆ ಕಡೆ ತೋರಿಸಿದರೆ ಆಪರೇಷನ್‌ಗೆ ನಲವತ್ತು ಸಾವಿರದ ಆಸುಪಾಸು ಚೀಟಿ ಬರೆದುಕೊಟ್ಟರು. ಅದಕ್ಕಿಂತ ದೊಡ್ಡ ಲೆಕ್ಕ ಚೀಟಿಯಲ್ಲಿ ಇರಲಿಲ್ಲ: ಒಂದೂವರೆ ತಿಂಗಳು ಕ್ಲಾಸಿಲ್ಲ, ಕೈ ಪೂರ್ತಿ ಮಡಚಲು ಇನ್ನೂ ಕೆಲವು ತಿಂಗಳು, ಅಷ್ಟರಲ್ಲಿ ಬೆಳಗಿನ ಬ್ಯಾಚು ಬೇರೆಯವರ ಪಾಲು.

ಆಗ ಕೂತು ಓದಿದೆ. ಬ್ರಿಟನ್ನಿನಲ್ಲಿ 2007ರಲ್ಲಿ ಬಂದ ಒಂದು ಅಧ್ಯಯನ ಇದೆ. ಮಣಿಕಟ್ಟಿನ ಹಿಂದಿನ ಗಂಟಿನವರನ್ನೇ ಸುಮಾರು ಆರು ವರ್ಷದ ಮೇಲೆ ವಿಚಾರಿಸಿದ್ದಾರೆ. ಸೂಜಿ ಹಾಕಿಸಿಕೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ವಾಪಸ್ ಬಂದಿತ್ತು. ಆಪರೇಷನ್ ಆದವರಲ್ಲೂ ನೂರಕ್ಕೆ ನಲವತ್ತರ ಹತ್ತಿರ. ಏನೂ ಮಾಡದೆ ಬಿಟ್ಟವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ತಾನಾಗಿಯೇ ಹೋಗಿತ್ತು. ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ: ಹೆಚ್ಚು ಸಮಾಧಾನ ಇದ್ದದ್ದು ಆಪರೇಷನ್ ಆದವರಿಗೇ, ಗಂಟು ಮತ್ತೆ ಬಂದಿದ್ದರೂ.

ನಾನು ಬಿಡುವ ಕಡೆಗೆ ಹೋದೆ. ಆದರೆ ಸುಮ್ನೆ ಬಿಡಲಿಲ್ಲ. ಅಂಗೈ ಊರಿದಾಗ ಮಣಿಕಟ್ಟು ತೊಂಬತ್ತು ಡಿಗ್ರಿ ಹಿಂದಕ್ಕೆ ಬಾಗಿ, ಮೇಲೆ ಮೈಭಾರ ಬೀಳುತ್ತದಲ್ಲ, ಅದನ್ನೇ ಕಡಿಮೆ ಮಾಡಿದೆ. ಚತುರಂಗ ಪೂರ್ತಿ ಮುಷ್ಟಿಯ ಮೇಲೆ, ಮಣಿಕಟ್ಟು ನೇರ. ಹಲಗೆ ಭಂಗಿ ಮೊಣಕೈ ಊರಿ. ಅಧೋಮುಖ ಶ್ವಾನಾಸನದಲ್ಲಿ ಕೋನ ಅಷ್ಟು ಕಡಿದಲ್ಲ, ಹಾಗಾಗಿ ಅದನ್ನು ಬಿಡಲಿಲ್ಲ. ಬೆರಳ ಬುಡಗಳನ್ನು ನೆಲಕ್ಕೆ ಒತ್ತಿ ಭಾರವನ್ನು ಮುಂದಕ್ಕೆ ತಂದೆ. ಕಾಕಾಸನ ಪೂರ್ತಿ ಬಂದ್.

ಮುಷ್ಟಿ ಆಗದ ಕಡೆ ಅಂಗೈಯ ಹಿಮ್ಮಡಿ ಭಾಗದ ಕೆಳಗೆ ಮರದ ಬೆಣೆ. ಅಂಗಡಿಯಲ್ಲಿ ಸಿಗುವ ಫೋಮಿನದು ಎಂಟುನೂರು ಕೊಟ್ಟು ತಂದೆ, ಭಾರ ಬಿದ್ದ ತಕ್ಷಣ ಕುಸಿಯುತ್ತಿತ್ತು. ಬಡಗಿ ಹತ್ತಿರ ಮಾಡಿಸಿದ್ದು ಜೋಡಿಗೆ ಇನ್ನೂರೈವತ್ತು. ಅದರ ಇಳಿಜಾರು ಎಷ್ಟಿರಬೇಕು ಎಂಬುದಕ್ಕೆ ಮೂರ್ನಾಲ್ಕು ಜೋಡಿ ಕೆಡಿಸಿದ್ದೇನೆ, ಆ ಅಳತೆ ಮಾತ್ರ ನನ್ನ ಹತ್ತಿರವೇ ಇರಲಿ. ಮಣಿಕಟ್ಟಿಗೆ ಬೆಲ್ಟ್ ಕಟ್ಟಿಯೂ ನೋಡಿದೆ. ಗಂಟು ಚೂರು ಇಳಿಯಿತು, ಆದರೆ ಕೈ ಬಿಗಿದುಕೊಂಡಿತು. ಕೆಲವು ವಾರಕ್ಕೇ ತೆಗೆದೆ.

ತಿಂಗಳಿಗೊಮ್ಮೆ ಕೈ ಮುಂದಕ್ಕೆ ಮಡಚಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದೆ. ಕಣ್ಣಂದಾಜು ದಿನಕ್ಕೊಂದು ಹೇಳುತ್ತದೆ, ನಾಣ್ಯ ಹಾಗಲ್ಲ. ನೋವು ಮೂರು ತಿಂಗಳಿಗೇ ಮುಕ್ಕಾಲು ಭಾಗ ಇಳಿದಿತ್ತು, ಗಂಟು ಮಾತ್ರ ಜಗ್ಗಿರಲಿಲ್ಲ. ಅದು ಹೋಗಲು ಒಂದೂವರೆ ವರ್ಷದ ಮೇಲೇ ಹಿಡಿಯಿತು. ಬೆಣೆಯಿಂದಲೇ ಹೋಯಿತೋ, ಅದರ ಪಾಡಿಗೆ ಅದು ಹೋಯಿತೋ ಅಂತ ಗೆಳತಿ ಕೇಳುತ್ತಾಳೆ. ನೋವು ಹೋದದ್ದು ಬೆಣೆಯಿಂದಲೇ. ಅದನ್ನು ತೆಗೆದು ಎರಡು ದಿನ ಮಾಡಿದಾಗಲೆಲ್ಲ ನೋವು ವಾಪಸ್ ಬರುತ್ತಿತ್ತು. ಗಂಟಿನ ವಿಷಯದಲ್ಲಿ ನಾನು ಪಂದ್ಯ ಕಟ್ಟುವುದಿಲ್ಲ.

ಆದರೆ ಎಲ್ಲ ಗಂಟಿಗೂ ಈ ದಾರಿ ಅಲ್ಲ. ನನ್ನ ಕ್ಲಾಸಿಗೆ ಬರುವ ಒಬ್ಬ ಹುಡುಗಿಗೂ ಮಣಿಕಟ್ಟಿನ ಹಿಂದೆ ಊತ ಇತ್ತು. "ಅಕ್ಕಾ, ನಿಮ್ಮದೇ ಥರ ಅಲ್ವಾ?" ಅಂದಳು. ಕೈ ಹಿಡಿದು ನೋಡಿದರೆ ಅದು ಗುಂಡಗಿರಲಿಲ್ಲ, ಉದ್ದಕ್ಕೆ ಹರಡಿತ್ತು. ಬೆರಳು ಮಡಚಿ ಬಿಡಿಸಿದಾಗ ಊತವೂ ಜೊತೆಗೆ ಹಿಂದೆ ಮುಂದೆ ಸರಿಯುತ್ತಿತ್ತು. ಕೀಲಿಗೆ ಅಂಟಿಕೊಂಡ ಗಂಟು ಹಾಗೆ ಓಡಾಡುವುದಿಲ್ಲ. ಬೆಳಿಗ್ಗೆ ಎದ್ದಾಗ ಎರಡೂ ಕೈ ಬಿಗಿಯುತ್ತೆ ಅಂತಲೂ ಹೇಳಿದಳು. ಬೆಣೆ ಕೊಡದೆ ಡಾಕ್ಟರ ಹತ್ತಿರ ಕಳಿಸಿದೆ. ಸ್ನಾಯುರಜ್ಜುಗಳ ಸುತ್ತಲಿನ ಪೊರೆಯ ಊತ, ಮೂಲ ಸಂಧಿವಾತ ಅಂತ ರಕ್ತ ಪರೀಕ್ಷೆ ಆದ ಮೇಲೆ ತಿಳಿಯಿತು, ಮಾತ್ರೆ ಶುರುವಾಯಿತು. ನಮ್ಮಲ್ಲಿ ಕ್ಷಯವೂ ಇದೇ ರೀತಿ ಮಣಿಕಟ್ಟಿನಲ್ಲಿ ಕೂರುವುದುಂಟು.

ಟಾರ್ಚಿಗೆ ಬೆಳಗದ್ದು, ಬಿಡುವು ಕೊಟ್ಟರೂ ಇಳಿಯದೆ ವಾರದಿಂದ ವಾರಕ್ಕೆ ಬೆಳೆಯುವುದು, ರಾತ್ರಿ ನಿದ್ದೆ ಕೆಡಿಸುವುದು, ಬೆರಳು ಜೋಮು ಹಿಡಿಸುವುದು, ಇವನ್ನು ಫೋಟೋ ತೆಗೆಯುತ್ತಾ ಕಾಯಬೇಡಿ. ಅಂಗೈ ಕಡೆ, ಹೆಬ್ಬೆರಳ ಬುಡದ ಹತ್ತಿರ ಎದ್ದ ಗಂಟಿಗೆ ಸೂಜಿ ಹಾಕಿಸಲು ಅವಸರವೂ ಬೇಡ, ನಾಡಿ ನೋಡುವ ರಕ್ತನಾಳ ಅದಕ್ಕೆ ತಾಗಿಯೇ ಹೋಗುತ್ತದೆ. ಇನ್ನು ಮುಷ್ಟಿ, ಬೆಣೆ ಎಲ್ಲ ಆರು ತಿಂಗಳು ಮಾಡಿದರೂ ನೋವು ಹಾಗೇ ಇದ್ದರೆ ಕುಯ್ಯಿಸಿ. ತೊಟ್ಟಿನ ಸಮೇತ ತೆಗೆಯುತ್ತೀರಾ ಅಂತ ಮೊದಲೇ ಕೇಳಿ, ಚೀಲ ಮಾತ್ರ ತೆಗೆದರೆ ದುಡ್ಡು ದಂಡ.